ಓಟಿಪಿ ಹೇಳಿದ್ದೇ ಸಹಿಯಾಯ್ತು: ಟರ್ಮ್ ಪಾಲಿಸಿ ತಗೊಳ್ಳೋರು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನದೂ ಇದೆ. ಮಂಡಿಪೇಟೆಯಲ್ಲಿ ದಿನಾ ಬೆಳಗಾದರೆ ಬೇರೆಯವರ ಲೆಕ್ಕ ಬರೆಯೋನು ನಾನು. ಓದದೆ ಸಹಿ ಹಾಕಬೇಡ್ರಿ ಅಂತ ಅಂಗಡಿಯವರಿಗೆಲ್ಲ ಬೈಯೋನೂ ನಾನೇ. ಕೊನೆಗೆ ನನ್ನದೇ ಒಂದು ಕೋಟಿಯ ಟರ್ಮ್ ಪಾಲಿಸಿಯ ಅರ್ಜಿಯನ್ನ ಓದದೆ ಒಪ್ಪಿಕೊಂಡೆ.

ಏಜೆಂಟ್ ಪರಿಚಯದವನೇ. ಅಂಗಡಿಯಲ್ಲೇ ಕೂತು ಟ್ಯಾಬಿನಲ್ಲಿ ಅರ್ಜಿ ತುಂಬಿದ. ಇಪ್ಪತ್ತೇ ನಿಮಿಷ. ಕೇಳಿದ್ದು ಹೆಸರು, ಹುಟ್ಟಿದ ತಾರೀಖು, ಆದಾಯ, "ಸಿಗರೇಟ್ ಏನಾದ್ರೂ ಸೇದ್ತೀರಾ ಸರ್?" ಅಷ್ಟೇ. ನಾನು ಸೇದಲ್ಲ, ಇಲ್ಲ ಅಂದೆ. "ಮೆಡಿಕಲ್ ಟೆಸ್ಟಿಗೆ ನಾಲ್ಕು ದಿನ ಮೊದ್ಲು ಎಲೆ ಅಡಿಕೆ ಬಿಟ್ಟಿರ್ರಿ" ಅಂದ. ಯಾಕೆ ಅಂತ ಕೇಳಲಿಲ್ಲ, ಸುಮ್ಮನೆ ತಲೆ ಅಲ್ಲಾಡಿಸಿದೆ. ಇದನ್ನ ಬರೆಯೋಕೇ ಈಗ ನಾಚಿಕೆ ಆಗ್ತದೆ. ಆಮೇಲೆ ಮೊಬೈಲಿಗೆ ಓಟಿಪಿ ಬಂತು, ಓದಿ ಹೇಳಿದೆ. ಆನ್‌ಲೈನ್ ಅರ್ಜಿಯಲ್ಲಿ ಆ ಓಟಿಪಿಯೇ ಸಹಿ. ಉತ್ತರ ಯಾರೇ ಒತ್ತಿರಲಿ, ಹೇಳಿದವನು ನಾನು ಅಂತಲೇ ಲೆಕ್ಕ.

ಪಾಲಿಸಿ ಬಂತು. ಅದರ ಜೊತೆ ನಮ್ಮ ಅರ್ಜಿಯ ಪ್ರತಿಯೂ ಇರ್ತದೆ. ಬಹಳ ಜನ ಅದನ್ನ ತೆಗೆದು ನೋಡೋದೇ ಇಲ್ಲ. ರಾತ್ರಿ ಊಟ ಆದ ಮೇಲೆ ನಾನು ನೋಡಿದೆ. "ಯಾವುದೇ ರೂಪದಲ್ಲಿ ತಂಬಾಕು ಬಳಸುತ್ತೀರಾ?" ಇಲ್ಲ. ನಾನು ದಿನಕ್ಕೆ ನಾಲ್ಕೈದು ಸಲ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಹಾಕೋನು. "ರಕ್ತದೊತ್ತಡಕ್ಕೆ ಚಿಕಿತ್ಸೆ?" ಇಲ್ಲ. ಎರಡು ವರ್ಷದಿಂದ ಬಿಪಿ ಮಾತ್ರೆ ನಡೀತಿದೆ. ಆ ಪುಟದಲ್ಲಿ ಸಾಲು ಸಾಲಾಗಿ ಇಲ್ಲ, ಇಲ್ಲ, ಇಲ್ಲ.

ಕೊನೆಯ ಪುಟದಲ್ಲಿ ಇನ್ನೊಂದು ಘೋಷಣೆ. ಅರ್ಜಿದಾರರಿಗೆ ಎಲ್ಲಾ ಪ್ರಶ್ನೆಗಳನ್ನೂ ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಅವರು ಅರ್ಥ ಮಾಡಿಕೊಂಡು ಉತ್ತರಿಸಿದ್ದಾರೆ. ಮುಂದೆ ಟಿಕ್ ಗುರುತು. ಅದನ್ನ ಎರಡು ಸಲ ಓದಿದೆ. ಕನ್ನಡದಲ್ಲಿ ವಿವರಿಸಲಾಗಿದೆಯಂತೆ! ಒಂದೇ ಒಂದು ಪ್ರಶ್ನೆಯನ್ನ ಯಾವ ಭಾಷೆಯಲ್ಲೂ ವಿವರಿಸಿಲ್ಲ. "ನಂಗೆ ಇಂಗ್ಲಿಷ್ ಗೊತ್ತಾಗಲಿಲ್ಲ, ಏಜೆಂಟ್ ತುಂಬಿದ" ಅಂತ ನಾಳೆ ನಮ್ಮ ಮನೆಯವರು ಹೇಳಬಾರದು ಅಂತಲೇ ಆ ಸಾಲು ಅಲ್ಲಿರೋದು. ಏಜೆಂಟ್ ತುಂಬಿದ ಅನ್ನೋ ವಾದ ಕೋರ್ಟಿನಲ್ಲೂ ಸುಲಭಕ್ಕೆ ನಿಲ್ಲಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ಸಹಿ ಹಾಕಿದವನು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋಕಾಗಲ್ಲ ಅಂದಿದೆ. ಅಲ್ಲಿ ಮುಚ್ಚಿಟ್ಟಿದ್ದು ರೋಗವೂ ಅಲ್ಲ, ಮೊದಲೇ ಇದ್ದ ಇನ್ನೊಂದು ಜೀವ ವಿಮೆ.

ಏಜೆಂಟಿಗೆ ಫೋನ್ ಹಾಕಿದೆ. ಅವನ ಉತ್ತರ ಹಾಗೇ ಬರೀತೀನಿ.

"ಅದೆಲ್ಲ ಫಾರ್ಮಾಲಿಟಿ ಸರ್. ಟೆಸ್ಟಲ್ಲೇ ಏನೂ ಬಂದಿಲ್ಲ ಅಂದ್ಮೇಲೆ ಏನ್ ಭಯ?"

ಟೆಸ್ಟಲ್ಲಿ ಯಾಕೆ ಬರಲಿಲ್ಲ ಅಂದರೆ, ತಂಬಾಕು ಹಿಡಿಯೋಕೆ ಮೂತ್ರದಲ್ಲಿ ನೋಡೋದು ಕೊಟಿನಿನ್ ಅನ್ನೋ ಅಂಶ. ತಂಬಾಕು ಬಿಟ್ಟ ಕೆಲವೇ ದಿನಕ್ಕೆ ಅದು ಇಳಿದುಹೋಗ್ತದೆ. ಬಿಪಿಯೂ ಅಷ್ಟೇ, ಮಾತ್ರೆ ನುಂಗಿ ಹೋದರೆ ಮಷೀನು ಸರಿಯಾಗೇ ತೋರಿಸ್ತದೆ. ಟೆಸ್ಟ್ ಪಾಸಾದರೆ ಅರ್ಜಿಯ ಪ್ರಶ್ನೆಗೆ ಉತ್ತರ ಕೊಟ್ಟಂಗಲ್ಲ. ಅರ್ಜಿ ಕೇಳೋದು ಮಾತ್ರೆ ತಗೊಳ್ತೀರಾ ಅಂತ, ಇವತ್ತು ಬಿಪಿ ಎಷ್ಟು ಅಂತಲ್ಲ.

"ಮೂರು ವರ್ಷ ಕಳೀಲಿ, ಆಮೇಲೆ ಯಾರೂ ಕೇಳಂಗಿಲ್ಲ" ಅಂದ ಮುಂದೆ.

ಇದು ಅರ್ಧ ಸತ್ಯ, ಅದಕ್ಕೇ ಜನ ನಂಬ್ತಾರೆ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ಆದ ಮೇಲೆ ಕಂಪನಿ ಪಾಲಿಸಿಯನ್ನ ಯಾವ ಕಾರಣಕ್ಕೂ ಪ್ರಶ್ನಿಸೋ ಹಾಗಿಲ್ಲ, ನಿಜ. ಆದರೆ ಕಂತು ತಪ್ಪಿ ಪಾಲಿಸಿ ನಿಂತು, ಮತ್ತೆ ಚಾಲ್ತಿ ಮಾಡಿಸಿದರೆ ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರು. ಮತ್ತೆ ಆ ಮೂರು ವರ್ಷದೊಳಗೇ ಸತ್ತರೆ? ಬೇಗ ಬಂದ ಕ್ಲೇಮ್ ಅಂದರೆ ತನಿಖೆ ಇದ್ದದ್ದೇ. ಆಸ್ಪತ್ರೆಯ ಕೇಸ್ ಶೀಟ್ ತರಿಸ್ತಾರೆ. ಅದರ ಮೊದಲ ಸಾಲಲ್ಲೇ ಡ್ಯೂಟಿ ಡಾಕ್ಟರ್ ಬರೆದಿರ್ತಾರೆ: ಎರಡು ವರ್ಷದಿಂದ ಬಿಪಿ, ತಂಬಾಕು ಅಭ್ಯಾಸ ಇದೆ. ಹೇಳಿದ್ದು ಯಾರು? ಸ್ಟ್ರೆಚರ್ ಪಕ್ಕ ನಿಂತ ನಮ್ಮ ಹೆಂಡತಿಯೇ. ಅವಳು ಹೇಳಿದ ಸತ್ಯವೇ ಅವಳ ಕ್ಲೇಮಿಗೆ ಕಲ್ಲು ಹಾಕ್ತದೆ. ಗೊತ್ತಿಲ್ಲದೆ ಆದ ತಪ್ಪು ಅಂತ ಪರಿಗಣಿಸಿದರೆ ಕಟ್ಟಿದ ಕಂತಾದರೂ ವಾಪಸ್ ಬರ್ತದೆ. ವಂಚನೆ ಅಂದರೆ ಅದೂ ಇಲ್ಲ. ಟೆಸ್ಟಿಗೆ ನಾಲ್ಕು ದಿನ ಎಲೆ ಅಡಿಕೆ ಬಿಟ್ಟಿದ್ದನ್ನ ಏನಂತ ಕರೀತಾರೋ ನೀವೇ ಹೇಳ್ರಿ.

ನಾಮಿನಿ ಕಲಂ ನೋಡಿದಾಗ ಇನ್ನೂ ಸಿಟ್ಟು ಬಂತು. ನಾಮಿನಿ ನನ್ನ ಏಳು ವರ್ಷದ ಮಗ, ನೂರಕ್ಕೆ ನೂರು. ಮೈನರ್ ಆದ್ದರಿಂದ ಅವನ ಪರವಾಗಿ ಹಣ ಪಡೆಯೋಕೆ ಒಬ್ಬರನ್ನ ನೇಮಿಸಬೇಕು, ಅಪಾಯಿಂಟಿ ಅಂತಾರೆ. ಅಲ್ಲಿ ನನ್ನ ತಮ್ಮನ ಹೆಸರು! ಅವತ್ತು ಅಂಗಡಿಯಲ್ಲಿ ಅವನಿದ್ದ, ಅವನ ವಿವರ ಕೈಗೆ ಸಿಕ್ಕಿತು, ಅಷ್ಟೇ ಕಾರಣ. ಹೆಂಡತಿ ಎಲ್ಲೂ ಇಲ್ಲ. "ಆಮೇಲೆ ಚೇಂಜ್ ಮಾಡ್ಬೋದು ಬಿಡ್ರಿ" ಅಂದ. ಮಾಡಬಹುದು, ನಿಜ. ಪಾಲಿಸಿದಾರ ಬದುಕಿದ್ದರೆ.

ನಾಮಿನಿ ಅಂದರೆ ಹಣದ ಯಜಮಾನ ಅಂತಲೂ ತಿಳೀಬೇಡ್ರಿ. ನಾಮಿನಿ ಬರೀ ಹಣ ಪಡೆಯೋ ಕೈ, ಹಣ ವಾರಸುದಾರರದ್ದು ಅಂತ 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆಮೇಲೆ 2015ರ ತಿದ್ದುಪಡಿಯಲ್ಲಿ ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣದ ಹಕ್ಕೂ ಅವರದ್ದೇ ಅಂತ ಬಂತು. ಆದರೂ ವಾರಸುದಾರರು ಪಾಲು ಕೇಳಿ ಕೋರ್ಟಿಗೆ ಹೋಗೋದು ನಿಂತಿಲ್ಲ. ನಮ್ಮ ಹೈಕೋರ್ಟೇ 2025ರಲ್ಲಿ ವಾರಸುದಾರರ ಕಡೆಗೆ ತೀರ್ಪು ಕೊಟ್ಟಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ವಿಲ್ ಇಲ್ಲದೆ ಸತ್ತರೆ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲಿದೆ. ಹಣ ಹೆಂಡತಿ ಮಕ್ಕಳಿಗೇ ಸೇರಬೇಕು, ಅಂಗಡಿ ಸಾಲದವರೂ ಮುಟ್ಟಬಾರದು ಅಂದರೆ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಡಿ ಪಾಲಿಸಿ ಮಾಡಿಸಬಹುದು. ಅದನ್ನ ಅರ್ಜಿ ಹಾಕೋವಾಗಲೇ ಹೇಳಬೇಕು, ಆಮೇಲೆ ಸೇರಿಸೋಕೆ ಬರಲ್ಲ. ಒಮ್ಮೆ ಮಾಡಿದ ಮೇಲೆ ನಮ್ಮಿಷ್ಟಕ್ಕೆ ಹೆಸರು ಬದಲಿಸೋಕೂ ಬರಲ್ಲ. ಇವನಿಗೆ ಆ ಕಾಯ್ದೆಯ ಹೆಸರೇ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಇನ್ನೊಂದು ಫಾರ್ಮ್ ತುಂಬೋ ಸೋಮಾರಿತನವೋ.

ನಾನು ಮಾಡಿದ್ದು ಇಷ್ಟು. ಪಾಲಿಸಿ ಕೈಸೇರಿ 30 ದಿನದೊಳಗೆ ವಾಪಸ್ ಮಾಡೋ ಹಕ್ಕಿದೆ, ಫ್ರೀ ಲುಕ್ ಅಂತಾರೆ. ಏಜೆಂಟಿಗಲ್ಲ, ಕಂಪನಿಗೇ ನೇರವಾಗಿ ಇಮೇಲ್ ಹಾಕಿದೆ. ಯಾವ ಯಾವ ಉತ್ತರ ತಪ್ಪು, ಸರಿಯಾದದ್ದು ಏನು ಅಂತ ಬರೆದು ಪಾಲಿಸಿ ರದ್ದು ಮಾಡಿ ಅಂದೆ. ಅಷ್ಟು ದಿನದ ವಿಮೆಯ ಪಾಲು, ಮೆಡಿಕಲ್ ಟೆಸ್ಟ್ ಖರ್ಚು, ಸ್ಟಾಂಪ್ ಡ್ಯೂಟಿ ಹಿಡಿದು ಉಳಿದದ್ದು ಬಂತು. ರದ್ದು ಬೇಡ ಅನ್ನೋರು ತಿದ್ದುಪಡಿ ಕೇಳಿಯೂ ಬರೀಬಹುದು. ಆಗ ಕಂಪನಿ ಮತ್ತೆ ಪರಿಶೀಲಿಸಿ ಕಂತು ಏರಿಸ್ತದೆ, ಇಲ್ಲಾ ಬೇಡ ಅಂತದೆ. ಎರಡರಲ್ಲಿ ಯಾವುದಾದರೂ ಬರಹದಲ್ಲಿ ಬರಲಿ. ಫೋನಲ್ಲಿ "ಅಪ್‌ಡೇಟ್ ಮಾಡ್ಸೀನಿ ಸರ್" ಅಂದರೆ ನಂಬಬೇಡ್ರಿ.

ಏಜೆಂಟ್ ಕೊನೆಗೆ ಅಂದಿದ್ದು, "ನನ್ನ ಕೇಸ್ ಹಾಳ್ ಮಾಡಿಬಿಟ್ರಲ್ಲಾ." ಅವನಿಗೆ ಅದು ಕೇಸು.

ಈಗ ಬೇರೆ ಕಂಪನಿಗೆ ಅರ್ಜಿ ನಾನೇ ಕೂತು ತುಂಬಿದೀನಿ. ಹೊಗೆಸೊಪ್ಪು ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಲ್ಲಾ ಬರೆದೆ. ಕಂತು ಮೊದಲಿನದ್ದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೋರಿಸ್ತಿದೆ, ಹೊಟ್ಟೆ ಉರೀತದೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಹಿಂದೆ ಯಾವುದಾದರೂ ಜೀವ ವಿಮೆಯ ಅರ್ಜಿ ತಿರಸ್ಕಾರ ಆಗಿದೆಯಾ, ಮುಂದೂಡಿದ್ದಾರಾ, ನೀವೇ ಹಿಂಪಡೆದಿದ್ದೀರಾ? ಹೌದು ಅಂತ ಒತ್ತಿ, ರದ್ದು ಮಾಡಿಸಿದ ಪಾಲಿಸಿಯ ನಂಬರನ್ನೂ ಕೆಳಗೆ ಬರೆದೆ.