ವ್ಯತ್ಯಾಸ ತೆಗೆಯುವುದೋ, ಸರಾಸರಿಯನ್ನು ಉಳಿಸುವುದೋ?

ಅಸ್ವಾನ್ ಬಳಿಯ ನೈಲ್ ನದಿಯ ವಾರ್ಷಿಕ ಹರಿವಿನ ಸರಣಿ (1871–1970) ಮುಂದಿದೆ ಎನ್ನಿ. ಮಾದರಿ ಕಟ್ಟುವವರ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು ಸ್ವಪ್ರತಿಗಮನ: ಈ ವರ್ಷದ ಮೌಲ್ಯ ಹಿಂದಿನ ವರ್ಷದ ಒಂದು ಪಾಲನ್ನು ಹೊತ್ತಿರುತ್ತದೆ. ಆ ಪಾಲು 0.5 ಆದರೆ, ಒಂದು ಪ್ರವಾಹದ ಪ್ರಭಾವ ಪ್ರತಿವರ್ಷ ಅರ್ಧವಾಗುತ್ತಾ ಸರಣಿ ತನ್ನ ಸರಾಸರಿಗೆ ಮರಳುತ್ತದೆ. ಇದೇ ಸ್ಥಿರತೆ. ಪಾಲು 1 ಆದರೆ ಆಘಾತ ಅಳಿಯುವುದೇ ಇಲ್ಲ. ಆಗ ಎರಡನೆಯ ದಾರಿಯಾಗಿ ವ್ಯತ್ಯಾಸ ತೆಗೆಯಬೇಕು, ಅಂದರೆ ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಯನ್ನೇ ಮಾದರಿಗೆ ಕೊಡಬೇಕು. ಯಾವ ದಾರಿ ಹಿಡಿಯಬೇಕೆಂದು ನೋಡಲು R ಭಾಷೆಯಲ್ಲಿ ಎರಡು ಪರೀಕ್ಷೆಗಳಿವೆ:

```
library(tseries)
adf.test(Nile)
kpss.test(Nile)
```

ಮೊದಲ ಪರೀಕ್ಷೆ ಅಸ್ಥಿರತೆಯನ್ನು ಊಹಿಸಿಕೊಂಡು ಹೊರಡುತ್ತದೆ, ಎರಡನೆಯದು ಸ್ಥಿರತೆಯನ್ನು. ಹಾಗಾಗಿ ನಾನು ಎರಡನ್ನೂ ಒಟ್ಟಿಗೆ ಓದುತ್ತೇನೆ.

ಆದರೆ ಅದಕ್ಕಿಂತ ಮೊದಲು ಸರಣಿಯ ರೇಖಾನಕ್ಷೆಯನ್ನು ನೋಡಲೇಬೇಕು. 1898ರವರೆಗೆ ಸರಾಸರಿ ಹರಿವು ಸುಮಾರು 1100 (ಹತ್ತು ಕೋಟಿ ಘನ ಮೀಟರ್‌ಗಳಲ್ಲಿ). ನಂತರ ಸುಮಾರು 850. ಈ ಒಂದೇ ಇಳಿತವನ್ನು ಪರೀಕ್ಷೆಗಳು ಅಲೆದಾಡುವ ಸರಣಿಯೆಂದು ತಪ್ಪಾಗಿ ತಿಳಿಯಬಹುದು. ಎರಡು ಕಾಲಘಟ್ಟಗಳಿಗೆ ಬೇರೆ ಬೇರೆ ಸರಾಸರಿ ಕೊಟ್ಟರೆ ನೆನಪೆಂದು ಕಂಡದ್ದು ಬಹುಮಟ್ಟಿಗೆ ಕರಗುತ್ತದೆ. ಇಲ್ಲಿ ನನ್ನ ಆಯ್ಕೆ ಅದೇ.

ಅನಗತ್ಯವಾಗಿ ವ್ಯತ್ಯಾಸ ತೆಗೆದರೆ ಗುರುತು ಸಿಗುತ್ತದೆ: ಪಕ್ಕಪಕ್ಕದ ಬದಲಾವಣೆಗಳ ಸಹಸಂಬಂಧ −0.5ರತ್ತ ಜಾರುತ್ತದೆ, ಏರಿಳಿತವೂ ಹೆಚ್ಚಬಹುದು. ಯಾವ ದಾರಿ ಹಿಡಿದರೂ, ಕೊನೆಗೆ ಉಳಿದ ದೋಷಗಳಲ್ಲಿ ಸಹಸಂಬಂಧ ಉಳಿದಿಲ್ಲವೆಂದು `Box.test` ಮೂಲಕ ಖಚಿತಪಡಿಸಿಕೊಳ್ಳಿ.