ಇಮೇಲ್ ಸೋರಿದೆಯಾ ಅಂತ ನೋಡಲು ನಾಲ್ಕು ದಾರಿ: ಯಾವುದು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ನೇಹಿತರೊಬ್ಬರ ಶಾಪಿಂಗ್ ಖಾತೆಗೆ ಯಾರೋ ನುಗ್ಗಿ ತಲುಪಿಸುವ ವಿಳಾಸ ಬದಲಾಯಿಸಿದ್ದರು. "ನನ್ನ ಪಾಸ್‌ವರ್ಡ್ ಅಷ್ಟು ಗಟ್ಟಿಯಾಗಿತ್ತಲ್ಲಪ್ಪಾ, ಹೆಂಗೆ ಸಿಕ್ಕಿತು?" ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅವರ ಇಮೇಲನ್ನೂ ನನ್ನದೊಂದು ಹಳೇ ಇಮೇಲನ್ನೂ ನಾಲ್ಕು ಸೇವೆಗಳಲ್ಲಿ ಹಾಕಿ ನೋಡಿದೆ. ಹ್ಯಾವ್ ಐ ಬೀನ್ ಪೋನ್ಡ್, ಮೊಝಿಲ್ಲಾ ಮಾನಿಟರ್, ಜರ್ಮನಿಯ ಹಾಸೋ ಪ್ಲಾಟ್ನರ್ ಸಂಸ್ಥೆಯ ಐಡೆಂಟಿಟಿ ಲೀಕ್ ಚೆಕರ್, ಕೊನೆಗೆ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನ ಪಾಸ್‌ವರ್ಡ್ ಚೆಕಪ್. ನಾಲ್ಕೂ ಒಂದೇ ಕೆಲಸ ಮಾಡುತ್ತವೆ ಅಂದುಕೊಂಡರೆ ತಪ್ಪು ದಾರಿ ಹಿಡಿದಂತೆ. ಮೊದಲ ಮೂರು ಉತ್ತರಿಸುವುದು "ಈ ವಿಳಾಸ ಎಲ್ಲಿ ಸೋರಿದೆ?" ಅನ್ನುವ ಪ್ರಶ್ನೆಗೆ. ನಾಲ್ಕನೆಯದು ಉತ್ತರಿಸುವುದು "ಸೋರಿದ ಪಾಸ್‌ವರ್ಡನ್ನು ಇನ್ನೂ ಎಲ್ಲೆಲ್ಲಿ ಬಳಸುತ್ತಿದ್ದೀರಿ?" ಅನ್ನುವುದಕ್ಕೆ. ಖಾತೆ ಕೈತಪ್ಪುವುದು ಈ ಎರಡನೇ ಪ್ರಶ್ನೆಯಿಂದಲೇ.

ಗಟ್ಟಿ ಪಾಸ್‌ವರ್ಡ್ ಕೂಡ ಯಾಕೆ ಉಳಿಸುವುದಿಲ್ಲ ಅಂತ ಮೊದಲು ನೋಡೋಣ. ಯಾರೂ ಕೂತು ನಿಮ್ಮ ಪಾಸ್‌ವರ್ಡ್ ಊಹೆ ಮಾಡುತ್ತಿಲ್ಲ. ಯಾವುದೋ ಸೈಟ್‌ನ ಬಳಕೆದಾರರ ಪಟ್ಟಿ ಕಳುವಾಗುತ್ತದೆ. ಆ ಸೈಟ್ ಪಾಸ್‌ವರ್ಡುಗಳನ್ನು ದುರ್ಬಲ ಹ್ಯಾಶ್ ರೂಪದಲ್ಲಿ, ಅಂದರೆ ಲೆಕ್ಕಾಚಾರದಿಂದ ಗುರುತು ಸಿಗದ ಅಕ್ಷರಗಳ ಸಾಲಾಗಿ ಬದಲಿಸಿ, ಇಟ್ಟಿದ್ದರೆ ಅವುಗಳಲ್ಲಿ ಬಹುಪಾಲು ಬಿಡಿಸಬಹುದು. ಇದ್ದದ್ದು ಇದ್ದಂತೆ ಇಟ್ಟಿದ್ದರೆ ಬಿಡಿಸುವ ಕೆಲಸವೂ ಇಲ್ಲ, ನಿಮ್ಮ ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಹಾಗೇ ಸಿಗುತ್ತದೆ. ಆಮೇಲೆ ಅದು ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳ ಉದ್ದ ಪಟ್ಟಿಯಾಗಿ ಕೈ ಬದಲಾಗುತ್ತದೆ. ಒಂದು ಸಾಫ್ಟ್‌ವೇರ್ ಆ ಜೋಡಿಗಳನ್ನು ಬೇರೆ ಬೇರೆ ಸೈಟ್‌ಗಳ ಲಾಗಿನ್ ಪುಟದಲ್ಲಿ ಹಾಕಿ ನೋಡುತ್ತಾ ಹೋಗುತ್ತದೆ. ಒಂದೇ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗದಿರಲಿ ಅಂತ ಸಾವಿರಾರು ಐಪಿ ವಿಳಾಸಗಳಿಂದ ಸ್ವಲ್ಪ ಸ್ವಲ್ಪವೇ ಪ್ರಯತ್ನಿಸುತ್ತದೆ. ಇದಕ್ಕೆ ಕ್ರೆಡೆನ್ಶಿಯಲ್ ಸ್ಟಫಿಂಗ್ ಅಂತಾರೆ. ಒಂದು ಕೋಟಿ ಜೋಡಿಗಳಲ್ಲಿ ಸಾವಿರಕ್ಕೆ ಒಂದು ಹೊಂದಿಕೊಂಡರೂ ಹತ್ತು ಸಾವಿರ ಖಾತೆ ಸಿಕ್ಕಂತಾಯಿತು. ಸೈಟ್‌ನ ಕಣ್ಣಿಗೆ ಅದು ಸರಿಯಾದ ಪಾಸ್‌ವರ್ಡ್ ಹಾಕಿದ ಮಾಮೂಲಿ ಲಾಗಿನ್, ಅಷ್ಟೇ.

2023ರ 23ಆಂಡ್‌ಮಿ ಪ್ರಕರಣ ಇದಕ್ಕೆ ಸರಿಯಾದ ಉದಾಹರಣೆ. ಅದು ಡಿಎನ್ಎ ಪರೀಕ್ಷೆ ಮಾಡಿಕೊಡುವ ಕಂಪನಿ. ಬೇರೆ ಕಡೆ ಸೋರಿದ ಪಾಸ್‌ವರ್ಡುಗಳಿಂದ ಸುಮಾರು 14,000 ಖಾತೆಗಳಿಗೆ ನುಗ್ಗಿದರು. ಅದು ಒಟ್ಟು ಖಾತೆಗಳಲ್ಲಿ ಶೇಕಡಾ 0.1ರಷ್ಟು ಮಾತ್ರ. ಆದರೆ ಅಲ್ಲಿ ರಕ್ತಸಂಬಂಧಿಗಳನ್ನು ಹುಡುಕಿಕೊಡುವ ಸೌಲಭ್ಯ ಇತ್ತಲ್ಲ, ಅದರ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಹೊರಬಿತ್ತು. ಆ ವರ್ಷದ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇದು ನಡೆಯುತ್ತಲೇ ಇತ್ತು.

ಈಗ ಸೇವೆಗಳಿಗೆ ಬರೋಣ.

ಹ್ಯಾವ್ ಐ ಬೀನ್ ಪೋನ್ಡ್ ಅನ್ನು ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದರು. `haveibeenpwned.com`ಗೆ ಹೋಗಿ ಇಮೇಲ್ ಹಾಕಿದರೆ ಸಾಕು, ಖಾತೆ ತೆರೆಯಬೇಕಿಲ್ಲ. ಯಾವ ಸೋರಿಕೆ, ಯಾವಾಗ, ಏನೇನು ಹೋಗಿದೆ ಅಂತ ಬಿಡಿಸಿ ತೋರಿಸುತ್ತದೆ. ಈ "ಏನೇನು ಹೋಗಿದೆ" ಅನ್ನುವುದನ್ನು ಜನ ಓದುವುದೇ ಇಲ್ಲ. ಸ್ನೇಹಿತರ ವಿಳಾಸಕ್ಕೆ ಲಿಂಕ್ಡ್‌ಇನ್ ಹೆಸರಲ್ಲೇ ಎರಡು ಫಲಿತಾಂಶ ಬಂದವು. ಒಂದು 2012ರದ್ದು, ಅದರಲ್ಲಿ ಪಾಸ್‌ವರ್ಡ್ ಸೇರಿತ್ತು. ಇನ್ನೊಂದು 2021ರದ್ದು. ಅದು ಪ್ರೊಫೈಲ್ ಪುಟಗಳಿಂದ ಬಾಚಿಕೊಂಡ ಮಾಹಿತಿ, ಅದರಲ್ಲಿ ಪಾಸ್‌ವರ್ಡ್ ಇಲ್ಲ. ಅವರು ಹೆದರಿದ್ದು ಹೊಸದನ್ನು ನೋಡಿ. ಹೆದರಬೇಕಾದದ್ದು ಹಳೆಯದಕ್ಕೆ.

ಆ 2012ರ ಕಳುವಿನಲ್ಲಿ ಪಾಸ್‌ವರ್ಡುಗಳು ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಅಕ್ಷರ ಬೆರೆಸುವ ಸಾಲ್ಟ್ ಇಲ್ಲದ ಎಸ್‌ಎಚ್‌ಎ-1 ಹ್ಯಾಶ್‌ಗಳಾಗಿದ್ದವು. ಅಂದರೆ ಒಂದೇ ಪಾಸ್‌ವರ್ಡ್ ಇಟ್ಟ ಎಲ್ಲರದ್ದೂ ಒಂದೇ ಹ್ಯಾಶ್, ಒಮ್ಮೆ ಬಿಡಿಸಿದರೆ ಎಲ್ಲರದ್ದೂ ಬಿಡಿಸಿದಂತೆ. ಇನ್ನೊಂದು ಮಾತು. ಆಗ ಹೊರಬಂದದ್ದು ಸುಮಾರು 65 ಲಕ್ಷ ಹ್ಯಾಶ್‌ಗಳು. ಹತ್ತು ಕೋಟಿಗೂ ಜಾಸ್ತಿ ಖಾತೆಗಳ ದೊಡ್ಡ ಪಟ್ಟಿ ಮಾರಾಟಕ್ಕೆ ಬಂದದ್ದು 2016ರಲ್ಲಿ. ನಡುವಿನ ನಾಲ್ಕು ವರ್ಷದಲ್ಲಿ ಯಾವ ಸೇವೆಯಲ್ಲಿ ನೋಡಿದ್ದರೂ ಬಹಳಷ್ಟು ಜನಕ್ಕೆ ಅದರ ಸುಳಿವು ಸಿಗುತ್ತಿರಲಿಲ್ಲ. "ಏನೂ ಸಿಗಲಿಲ್ಲ" ಅಂದರೆ ಸಿಕ್ಕ ಪಟ್ಟಿಗಳಲ್ಲಿ ನೀವಿಲ್ಲ ಅಂತ ಮಾತ್ರ.

ಈ ಸೇವೆಯ ಒಂದು ಕೊರತೆ ಹುಡುಕಾಟ ಎಲ್ಲರಿಗೂ ತೆರೆದಿರುವುದು. ನನ್ನ ವಿಳಾಸ ಗೊತ್ತಿರುವ ಯಾರು ಬೇಕಾದರೂ ನೋಡಬಹುದು. ಅದಕ್ಕಾಗಿಯೇ 2015ರ, ಮದುವೆಯಾಚೆಗಿನ ಸಂಬಂಧ ಹುಡುಕುವವರ ಸೈಟ್ ಆಶ್ಲಿ ಮ್ಯಾಡಿಸನ್‌ನಂಥ ಮುಜುಗರದ ಸೋರಿಕೆಗಳನ್ನು ಬಹಿರಂಗವಾಗಿ ತೋರಿಸುವುದಿಲ್ಲ. ಇಮೇಲ್ ನಿಮ್ಮದೇ ಅಂತ ಖಚಿತಪಡಿಸಿದ ಮೇಲೆ ಮಾತ್ರ ಅವು ಕಾಣುತ್ತವೆ. ಹಾಗಾಗಿ ಸುಮ್ನೆ ಹುಡುಕಿ ಬಿಡಬೇಡಿ, ಖಚಿತಪಡಿಸುವ ಹೆಜ್ಜೆಯನ್ನೂ ಮುಗಿಸಿ.

ಮೊಝಿಲ್ಲಾ ಮಾನಿಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬಳಸುವುದು ಹ್ಯಾವ್ ಐ ಬೀನ್ ಪೋನ್ಡ್‌ನ ಮಾಹಿತಿಯನ್ನೇ. ಫಲಿತಾಂಶವೂ ಅದೇ ಬಂತು. ಏನು ಮಾಡಬೇಕು ಅಂತ ಹಂತ ಹಂತವಾಗಿ ಹೇಳುವುದರಲ್ಲಿ ಚೆನ್ನಾಗಿದೆ. ಮನೆಯಲ್ಲಿ ಕಂಪ್ಯೂಟರ್ ಕಂಡರೆ ದೂರ ಸರಿಯುವವರಿಗೆ ಇದನ್ನೇ ಕೊಡುತ್ತೇನೆ. ಎರಡನ್ನೂ ನೋಡಿ "ಎರಡು ಕಡೆ ಖಚಿತವಾಯಿತು" ಅಂದುಕೊಳ್ಳುವುದು ಮಾತ್ರ ಬೇಡ.

ಹಾಸೋ ಪ್ಲಾಟ್ನರ್ ಸಂಸ್ಥೆಯದು ಬೇರೆ ರೀತಿ. ಫಲಿತಾಂಶವನ್ನು ಪರದೆ ಮೇಲೆ ತೋರಿಸುವುದೇ ಇಲ್ಲ, ನೀವು ಕೊಟ್ಟ ವಿಳಾಸಕ್ಕೆ ಮೇಲ್ ಕಳಿಸುತ್ತದೆ. ಬೇರೆಯವರು ಇಣುಕಲು ದಾರಿ ಇಲ್ಲ. ನನಗೆ ಈ ಪದ್ಧತಿ ಹೆಚ್ಚು ಮರ್ಯಾದೆಯದು ಅನ್ನಿಸಿತು. ಇದರ ಸಂಗ್ರಹ ಬೇರೆಯೇ ಆದ್ದರಿಂದ ಎರಡನೇ ಅಭಿಪ್ರಾಯ ಬೇಕಿದ್ದರೆ ಇಲ್ಲಿಗೆ ಬನ್ನಿ. ಆದರೆ ಇಮೇಲ್ ಖಾತೆಯೇ ಬೇರೆಯವರ ಕೈಯಲ್ಲಿದೆ ಅನ್ನುವ ಅನುಮಾನ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಇಲ್ಲದಿದ್ದರೆ ಆ ವರದಿಯನ್ನು ಅವರೂ ಓದುತ್ತಾರೆ.

ಸ್ನೇಹಿತರ ವಿಷಯದಲ್ಲಿ ಗಂಟು ಬಿಚ್ಚಿದ್ದು ಪಾಸ್‌ವರ್ಡ್ ಚೆಕಪ್. `passwords.google.com`ನಲ್ಲಿ ಚೆಕಪ್ ಓಡಿಸಿದರೆ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಮೂರು ಗುಂಪು ಮಾಡುತ್ತದೆ: ಸೋರಿದವು, ಹಲವು ಕಡೆ ಬಳಸಿದವು, ದುರ್ಬಲವಾದವು. ಇದು ಬರೀ ಇಮೇಲ್ ನೋಡುವುದಿಲ್ಲ, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಸೇರಿದ ಜೋಡಿ ಸೋರಿಕೆಯಲ್ಲಿದೆಯಾ ಅಂತ ನೋಡುತ್ತದೆ. ಶಾಪಿಂಗ್ ಸೈಟ್, ಒಂದು ಟಿಕೆಟ್ ಸೈಟ್, ಮತ್ತೆ ಅವರ ಇಮೇಲ್, ಮೂರೂ ಒಂದೇ ಪಾಸ್‌ವರ್ಡ್ ಅಡಿಯಲ್ಲಿ ಕೆಂಪಾಗಿ ಬಂದವು. ಆ ಶಾಪಿಂಗ್ ಸೈಟ್ ಎಂದೂ ಸೋರಿರಬೇಕಿಲ್ಲ ಅನ್ನುವುದು ಅವರಿಗೆ ಹೊಳೆದದ್ದು ಆಗಲೇ. ಮಿತಿಯೂ ಇದೆ. ಅಲ್ಲಿ ಉಳಿಸದ ಪಾಸ್‌ವರ್ಡ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ತಲೆಯಲ್ಲೋ ಡೈರಿಯಲ್ಲೋ ಇಟ್ಟುಕೊಳ್ಳುವವರಿಗೆ ಪಟ್ಟಿ ಖಾಲಿ ಬಂದರೆ ಖುಷಿಪಡುವಂತಿಲ್ಲ.

ಅಂಥವರಿಗೆ ಹ್ಯಾವ್ ಐ ಬೀನ್ ಪೋನ್ಡ್‌ನಲ್ಲೇ ಇರುವ ಪೋನ್ಡ್ ಪಾಸ್‌ವರ್ಡ್ಸ್ ಸರಿ. ಇಲ್ಲಿ ಇಮೇಲ್ ಬೇಡ, ಪಾಸ್‌ವರ್ಡ್ ಮಾತ್ರ. "ಪಾಸ್‌ವರ್ಡನ್ನು ಇನ್ನೊಂದು ಸೈಟ್‌ಗೆ ಕೊಡೋದಾ?" ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅದು ಹೋಗುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲೇ ಅದರ ಎಸ್‌ಎಚ್‌ಎ-1 ಹ್ಯಾಶ್ ಮಾಡಿ, ನಲವತ್ತು ಅಕ್ಷರಗಳಲ್ಲಿ ಮೊದಲ ಐದನ್ನು ಮಾತ್ರ ಕಳಿಸುತ್ತದೆ. ಆ ಐದರಿಂದ ಶುರುವಾಗುವ ಎಲ್ಲ ಹ್ಯಾಶ್‌ಗಳ ಬಾಲಗಳು ವಾಪಸ್ ಬರುತ್ತವೆ, ನೂರಾರು ಸಾಲು. ನಿಮ್ಮದು ಅದರಲ್ಲಿದೆಯಾ ಅಂತ ನಿಮ್ಮ ಕಂಪ್ಯೂಟರೇ ಹೋಲಿಸುತ್ತದೆ. `password` ಅನ್ನುವ ಪದದ ಹ್ಯಾಶ್ ಶುರುವಾಗುವುದು `5BAA6`ರಿಂದ. ನಂಬಿಕೆ ಬರದಿದ್ದರೆ ಇದನ್ನು ಓಡಿಸಿ ನೋಡಿ:

```
printf '%s' 'password' | sha1sum
curl -s https://api.pwnedpasswords.com/range/5BAA6 | grep 1E4C9B93F3F
```

ಎರಡನೇ ಸಾಲಿನ ಉತ್ತರದಲ್ಲಿ ಕೋಲನ್ ಆದ ಮೇಲೆ ಇರುವ ಸಂಖ್ಯೆ ಆ ಪಾಸ್‌ವರ್ಡ್ ಸೋರಿಕೆಗಳಲ್ಲಿ ಎಷ್ಟು ಸಲ ಕಂಡಿದೆ ಅನ್ನುವುದು. ಈ ಪದಕ್ಕೆ ಅದು ಕೋಟಿಯ ಮೇಲಿದೆ. ನಿಮ್ಮ ನಿಜವಾದ ಪಾಸ್‌ವರ್ಡನ್ನು ಹೀಗೆ ಕಮಾಂಡ್‌ನಲ್ಲಿ ಬರೆಯಬೇಡಿ, ಅದು ಶೆಲ್‌ನ ಹಿಸ್ಟರಿ ಫೈಲ್‌ನಲ್ಲಿ ಉಳಿದುಬಿಡುತ್ತದೆ. ವೆಬ್ ಪುಟದಲ್ಲೇ ಹಾಕಿ.

ಈ ಸಂಖ್ಯೆಯನ್ನು ಓದುವ ರೀತಿ ಸ್ವಲ್ಪ ತಿರುವುಮುರುವು. ದೊಡ್ಡ ಸಂಖ್ಯೆ ಬಂದರೆ ಅದು ಎಲ್ಲರೂ ಇಡುವ ಪಾಸ್‌ವರ್ಡ್. ಸೋರಿದ್ದು ನಿಮ್ಮ ಖಾತೆಯದೇ ಅಂತ ಹೇಳಲಾಗುವುದಿಲ್ಲ, ಆದರೂ ಬಿಡಬೇಕಾದದ್ದೇ. ಸ್ನೇಹಿತರದ್ದಕ್ಕೆ ಬಂದದ್ದು ಒಂದಂಕಿಯ ಸಂಖ್ಯೆ. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಬೇರೆ ಯಾರಿಗೂ ಹೊಳೆಯದಂಥ ಪಾಸ್‌ವರ್ಡ್ ಅದು. ಅದು ಪಟ್ಟಿಯಲ್ಲಿ ಇದ್ದರೆ ಬಂದಿರುವುದು ಬಹುತೇಕ ಅವರದೇ ಖಾತೆಯಿಂದ. ಅಂಥದ್ದು ಇಮೇಲ್ ಜೊತೆಗೇ ಪಟ್ಟಿಯಲ್ಲಿ ಕೂತಿರುವ ಸಾಧ್ಯತೆ ಜಾಸ್ತಿ.

ಹಾಗಾದರೆ ಯಾವುದನ್ನು ಬಳಸುವುದು? ಒಂದೇ ಆರಿಸು ಅಂದರೆ ನಾನು ಚೆಕಪ್ ಆರಿಸುತ್ತೇನೆ, ಯಾಕೆಂದರೆ ಬದಲಾಯಿಸಬೇಕಾದ ಖಾತೆಗಳ ಹೆಸರು ಕೊಡುವುದು ಅದೊಂದೇ. ಐಫೋನ್ ಬಳಸುವವರಿಗೆ ಪಾಸ್‌ವರ್ಡ್ಸ್ ಆ್ಯಪ್‌ನ ಸೆಕ್ಯುರಿಟಿ ವಿಭಾಗ ಇದೇ ಕೆಲಸ ಮಾಡುತ್ತದೆ. ಹ್ಯಾವ್ ಐ ಬೀನ್ ಪೋನ್ಡ್‌ನಲ್ಲಿ ಎಚ್ಚರಿಕೆ ಮೇಲ್‌ಗೆ ನೋಂದಾಯಿಸಿ ಬಿಡಿ, ಹೊಸ ಸೋರಿಕೆ ಸೇರಿದಾಗ ಅದೇ ತಿಳಿಸುತ್ತದೆ. ಉಳಿದೆರಡು ಬೇಕೆನಿಸಿದಾಗ ಸಾಕು.

ಬದಲಾಯಿಸುವಾಗ ಮೊದಲು ಮುಟ್ಟಬೇಕಾದದ್ದು ಇಮೇಲ್, ಯಾಕೆಂದರೆ ಬೇರೆಲ್ಲ ಖಾತೆಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ. ಎರಡು ಹಂತದ ಲಾಗಿನ್ ಹಾಕಿ. ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಪಾಸ್‌ವರ್ಡ್ ಬದಲಾದರೂ ಹಳೆಯ ಲಾಗಿನ್ ಕೆಲವು ಸೈಟ್‌ಗಳಲ್ಲಿ ತೆರೆದೇ ಇರುತ್ತದೆ. ಆಮೇಲೆ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್ ನೋಡಿ. ನುಗ್ಗಿದವರು ಮೇಲ್‌ಗಳ ಪ್ರತಿ ತಮಗೆ ಬರುವ ಹಾಗೆ, ಸೈಟ್‌ಗಳ ಎಚ್ಚರಿಕೆ ಮೇಲ್ ನೇರ ಕಸದ ಫೋಲ್ಡರ್‌ಗೆ ಹೋಗುವ ಹಾಗೆ ಇಟ್ಟು ಹೋಗುವುದುಂಟು. ಹೊಸ ಪಾಸ್‌ವರ್ಡ್ ಹಳೆಯದರ ಕೊನೆಗೆ ಅಂಕಿ ಸೇರಿಸಿದ್ದಾಗಬಾರದು. ಇಸವಿ ಬದಲಿಸುವುದು, ಆಶ್ಚರ್ಯಸೂಚಕ ಹಾಕುವುದು, ಇವನ್ನೆಲ್ಲ ಆ ಸಾಫ್ಟ್‌ವೇರುಗಳು ತಾವಾಗಿಯೇ ಹಾಕಿ ನೋಡುತ್ತವೆ.

ಒಂದೇ ಒಂದು ಕಡೆ ಈ ಕ್ರಮ ತಲೆಕೆಳಗಾಗುತ್ತದೆ. ಸೋರಿಕೆಯ ವಿವರದಲ್ಲಿ ಸೈಟ್ ಹೆಸರಿನ ಬದಲು ಸ್ಟೀಲರ್ ಲಾಗ್ಸ್ ಅಂತ ಇದ್ದರೆ ಪಾಸ್‌ವರ್ಡ್ ಹೋಗಿರುವುದು ಯಾವ ಕಂಪನಿಯಿಂದಲೂ ಅಲ್ಲ, ಯಾರದೋ ಕಂಪ್ಯೂಟರ್‌ಗೆ ಹೊಕ್ಕ ಮಾಲ್ವೇರ್‌ನಿಂದ, ಬಹುಶಃ ನಿಮ್ಮದರಿಂದಲೇ. ಅಂಥ ಕಂಪ್ಯೂಟರ್‌ನಲ್ಲಿ ಕೂತು ಪಾಸ್‌ವರ್ಡ್ ಬದಲಾಯಿಸಿದರೆ ಹೊಸದೂ ಹೋಗುತ್ತದೆ. ಮೊದಲು ಅದನ್ನು ಶುದ್ಧ ಮಾಡಿ, ಇಲ್ಲವೇ ಬೇರೆ ಸಾಧನದಿಂದ ಬದಲಾಯಿಸಿ.