ಮೂರು ತಿಂಗಳ ಮೀಸಲೋ, ಆರು ತಿಂಗಳದ್ದೋ?

ಆದಾಯ ನಿಂತರೂ ಕೆಲಸ ನಡೆಯಲಿ ಅಂತ ಟ್ರಸ್ಟ್ ಎಷ್ಟು ತಿಂಗಳ ಖರ್ಚಿನ ಹಣ ಎತ್ತಿಡಬೇಕು? ಉಡುಪಿಯ ಒಂದು ಸಣ್ಣ ಟ್ರಸ್ಟ್ ಅಂದುಕೊಳ್ಳಿ. ವರ್ಷದ ಆದಾಯ 24 ಲಕ್ಷ. ಸಂಬಳ, ಬಾಡಿಗೆ, ಕರೆಂಟು ಸೇರಿ ತಿಂಗಳ ಖರ್ಚು 1.7 ಲಕ್ಷ. ಹೊಸ ವ್ಯಾನಿನಂಥ ಒಂದು ಸಲದ ಖರ್ಚು ಇದಕ್ಕೆ ಸೇರಿಸಿದರೆ ಮೀಸಲಿನ ಗುರಿ ಸುಮ್ನೆ ಉಬ್ಬುತ್ತದೆ.

ಮೂರು ತಿಂಗಳಿಗೆ 5.1 ಲಕ್ಷ ಬೇಕು, ಆರಕ್ಕೆ 10.2 ಲಕ್ಷ. ತೆರಿಗೆ ವಿನಾಯಿತಿ ಇರುವ ಟ್ರಸ್ಟ್ ಸಾಮಾನ್ಯವಾಗಿ ಆದಾಯದ ಶೇ. 85ರಷ್ಟನ್ನು ಅದೇ ವರ್ಷ ಬಳಸಬೇಕು. ಉಳಿಯುವುದು 3.6 ಲಕ್ಷ. ಹಾಗಾಗಿ ಮೊದಲನೆಯದಕ್ಕೆ ಸುಮಾರು ಒಂದೂವರೆ ವರ್ಷ, ಎರಡನೆಯದಕ್ಕೆ ಮೂರು ವರ್ಷ ಹಿಡಿಯುತ್ತದೆ.

ಫೀಸು ತಿಂಗಳು ತಿಂಗಳು ಬರುವುದಾದರೆ ಮೂರು ಸಾಕು. ಮುಂಬೈಯ ಒಬ್ಬಿಬ್ಬರು ದಾನಿಗಳನ್ನೇ ನಂಬಿದ್ದರೆ ಆರೇ ಸರಿ, ಅಲ್ವಾ? ಆಗ ಬಜೆಟ್ ನೀತಿಯಲ್ಲಿ ಹೀಗೆ ಬರೆಯಿರಿ: “ಮೀಸಲಿನ ಗುರಿ, ಒಂದು ಸಲದ ಖರ್ಚು ಬಿಟ್ಟು, ಕಳೆದ ವರ್ಷದ ಸರಾಸರಿ ತಿಂಗಳ ಖರ್ಚಿನ ಆರು ಪಟ್ಟು. ಸಮಿತಿಯ ಠರಾವಿಲ್ಲದೆ ತೆಗೆಯುವಂತಿಲ್ಲ. ತೆಗೆದರೆ, ಮುಂದಿನ ಉಳಿತಾಯ ಮೊದಲು ಇಲ್ಲಿಗೇ ಬರಬೇಕು.”